ಬೇರೆಯವರ ವಿಡಿಯೋಗೆ ನಮ್ಮ ಮಾತು

ಒಬ್ಬ ಅಕ್ಕ ರಾಗಿ ಮುದ್ದೆ ಮಾಡುವ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದ್ದಾರೆ ಅಂತ ಇಟ್ಟುಕೊಳ್ಳೋಣ. ವಿಡಿಯೋ ನಾಲ್ಕು ನಿಮಿಷದ್ದು. ಕುದಿಯುವ ನೀರಿಗೆ ಅವರು ಒಣ ಹಿಟ್ಟನ್ನೇ ಗುಡ್ಡೆಯಾಗಿ ಸುರೀತಾರೆ. ನಮ್ಮ ಮನೇಲಿ ಹಾಗೆ ಮಾಡಲ್ಲ. ಇದನ್ನು ನಾವೂ ವಿಡಿಯೋ ಮಾಡಿ ಹೇಳಬೇಕು. ಹೇಗೆ ಹೇಳೋದು?

ಮೊದಲು ಅಕ್ಕನ ವಿಡಿಯೋ ಪೂರ್ತಿ ನೋಡೋಣ. ಅರ್ಧ ನೋಡಿ ಮಾತಾಡಿದರೆ ಎಡವಟ್ಟು. ಒಣ ಹಿಟ್ಟು ಯಾಕೆ ಅಂತ ಅವರೇ ಕೊನೆಯಲ್ಲಿ ಹೇಳಿರಬಹುದು.

ನಮ್ಮ ವಿಡಿಯೋದ ಶುರುವಿನಲ್ಲೇ ಅವರ ಚಾನೆಲ್ ಹೆಸರು ಹೇಳಬೇಕು. ಹೆಸರು ತೆರೆಯ ಮೇಲೂ ಕಾಣಬೇಕು. ಕೆಳಗಿನ ವಿವರಣೆಯಲ್ಲಿ ಅವರ ವಿಡಿಯೋದ ಲಿಂಕ್ ಹಾಕಬೇಕು. ಬರೀ 'ಕೃಪೆ: ಯೂಟ್ಯೂಬ್' ಅಂತ ಬರೆದರೆ ಯಾರ ಹೆಸರೂ ಹೇಳಿದ ಹಾಗಾಗಲಿಲ್ಲ.

ಆಮೇಲೆ ಹಿಟ್ಟು ಸುರಿಯುವ ಹತ್ತು ಸೆಕೆಂಡು ಮಾತ್ರ ತೋರಿಸಿ ನಿಲ್ಲಿಸೋಣ. ಈಗ ನಮ್ಮ ಮಾತು: "ಅಕ್ಕನ ಕೈ ಪಳಗಿದೆ, ಅವರಿಗೆ ಗಂಟು ಬೀಳಲಿಲ್ಲ. ಹೊಸಬರಿಗೆ ಗಂಟು ಬೀಳೋದು ಜಾಸ್ತಿ. ನಾವು ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಮೊದಲು ಹಾಕ್ತೀವಿ. ಅದು ಗಂಜಿಯ ಹಾಗೆ ಕುದಿದ ಮೇಲೆ ಉಳಿದ ಹಿಟ್ಟು." ಹೀಗೆ ಹೇಳಿ, ಮಾಡಿ ತೋರಿಸೋಣ. "ಇದೂ ಒಂದು ಮುದ್ದೆಯಾ?" ಅಂತ ನಕ್ಕರೆ ನೋಡಿದವರು ಏನು ಕಲಿತಾರೆ? ಅಕ್ಕನ ಮುಖ, ಮನೆ, ಮಾತಿನ ಧಾಟಿ ನಮ್ಮ ವಿಷಯ ಅಲ್ಲವೇ ಅಲ್ಲ.

ವಿಡಿಯೋ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಅಕ್ಕನ ತುಣುಕು ತೆಗೆದು ನೋಡಿ. ಉಳಿದದ್ದರಲ್ಲಿ "ಆಹಾ, ಅಯ್ಯೋ" ಬಿಟ್ಟು ಬೇರೇನೂ ಇಲ್ಲದಿದ್ದರೆ, ನಾವು ಹೊಸದಾಗಿ ಏನನ್ನೂ ಸೇರಿಸಿಲ್ಲ ಅಂತ ಅರ್ಥ.

ಅಮೆರಿಕದಲ್ಲಿ ಇಂಥ ಜಗಳ ಕೋರ್ಟಿಗೇ ಹೋಗಿತ್ತು. ಕ್ಲೈನ್ ಎಂಬ ದಂಪತಿ ಸುಮಾರು 14 ನಿಮಿಷದ ವಿಡಿಯೋ ಮಾಡಿದ್ದರು. ಅದರಲ್ಲಿ ಇನ್ನೊಬ್ಬರ ವಿಡಿಯೋದ 3 ನಿಮಿಷಕ್ಕೂ ಹೆಚ್ಚು ಭಾಗ ಇತ್ತು. ಆದರೆ ಅವರು ಮಧ್ಯೆ ಮಧ್ಯೆ ನಿಲ್ಲಿಸಿ ಟೀಕೆ ಮಾಡಿದ್ದರು. 2017ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಇದು ನ್ಯಾಯವಾದ ಬಳಕೆ ಅಂದರು. ಎಲ್ಲ ಪ್ರತಿಕ್ರಿಯೆ ವಿಡಿಯೋಗೂ ಈ ತೀರ್ಪು ಸಲ್ಲದು ಅಂತಲೂ ಹೇಳಿದರು. ಮಾತಿಲ್ಲದೆ ಕೂತು ನೋಡುವ ವಿಡಿಯೋಗಳ ಲೆಕ್ಕವೇ ಬೇರೆ.

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತೆ. ಹೆಸರು ಹೇಳಿದ ಮಾತ್ರಕ್ಕೆ ಪೂರ್ತಿ ವಿಡಿಯೋ ಎತ್ತಿಕೊಳ್ಳುವ ಹಕ್ಕು ಬರಲ್ಲ.

ಅಕ್ಕನ ವಿಡಿಯೋದಲ್ಲಿ ಸಿನಿಮಾ ಹಾಡು ಕೇಳಿಸುತ್ತಿದ್ದರೆ, ಆ ತುಣುಕಿನ ಧ್ವನಿ ತೆಗೆದುಬಿಡಿ. ಹಾಡಿನ ಹಕ್ಕು ಅಕ್ಕನದ್ದಲ್ಲ, ಹಾಡಿನ ಕಂಪನಿಯದ್ದು. ಅಕ್ಕ ಒಪ್ಪಿದರೂ ಕಂಪನಿ ತಕರಾರು ತೆಗೆಯಬಹುದು.