ಹುಳಿ ಒಂದೇ, ರುಚಿ ಮೂರು

ಅಣಶಿ ಘಟ್ಟದ ಸುತ್ತಲಿನ ಸೀಮೆಯ ಅಡುಗೆಮನೆಗೆ ಮೂರು ಬಗೆಯ ಹುಳಿ ಬರುತ್ತದೆ. ಮುರುಗಲ ಹಣ್ಣಿನ ಒಣಸಿಪ್ಪೆ ಒಂದು. ಉಪ್ಪಿನಕಾಯಿಗೆಂದೇ ಕೊಯ್ಯುವ ಅಪ್ಪೆಮಿಡಿ ಇನ್ನೊಂದು. ಎಲೆಗಳನ್ನು ಹೊಲಿದು ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ, ಅಂದರೆ ಚಗಳಿ, ಮೂರನೆಯದು. ಅದನ್ನು ಉಪ್ಪು ಮೆಣಸಿನ ಜೊತೆ ಅರೆದರೆ ಚಟ್ನಿ. ಈ ಮೂರನ್ನೂ ಉಂಡು ಬಲ್ಲವರು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಲು ಒಪ್ಪುವುದಿಲ್ಲ. ಕಣ್ಣು ಮುಚ್ಚಿ ಕೊಟ್ಟರೂ ಯಾವುದು ಯಾವುದೆಂದು ಹೇಳುತ್ತಾರೆ. ಆದರೆ ಹುಳಿಯನ್ನು ಅರಿಯಲು ನಾಲಿಗೆಯಲ್ಲಿ ಇರುವುದು ಮುಖ್ಯವಾಗಿ ಒಂದೇ ಬಗೆಯ ಗ್ರಾಹಿ. ಮೂರು ರುಚಿಯನ್ನು ಅದೊಂದೇ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ತಲುಪಿದ ತೀರ್ಮಾನ ಇದು: ನಾಲಿಗೆ ಅವುಗಳನ್ನು ಹೆಚ್ಚೇನೂ ಬೇರ್ಪಡಿಸುವುದೇ ಇಲ್ಲ. ಆ ಕೆಲಸ ಮೂಗಿನದು, ಜೊತೆಗೆ ಉರಿ-ನೋವು ಅರಿಯುವ ನರದ್ದು. ಅವುಗಳ ವರದಿಯನ್ನು ಮಿದುಳು ಬಾಯಿಯ ಲೆಕ್ಕಕ್ಕೆ ಜಮಾ ಮಾಡಿಬಿಡುವುದರಿಂದ ನಾವು ಎಲ್ಲವನ್ನೂ ನಾಲಿಗೆಯ ರುಚಿ ಎಂದುಕೊಳ್ಳುತ್ತೇವೆ.

ಮೊದಲು ನಾಲಿಗೆಗೆ ಏನು ಗೊತ್ತಾಗುತ್ತದೆ ಎಂಬುದನ್ನು ನೋಡಬೇಕು. ನಾಲಿಗೆಯ ಮೇಲೆ ಕಾಣುವ ಸಣ್ಣ ಉಬ್ಬುಗಳು ರುಚಿಮೊಗ್ಗುಗಳಲ್ಲ. ಮೊಗ್ಗುಗಳು ಆ ಉಬ್ಬುಗಳಲ್ಲಿ ಅಡಗಿರುತ್ತವೆ, ಒಂದೊಂದರಲ್ಲಿ ಸುಮಾರು 50ರಿಂದ 100 ಜೀವಕೋಶ. ಹುಳಿಗೆ ಸ್ಪಂದಿಸುವ ಕೋಶಗಳ ತುದಿಯಲ್ಲಿ ಓಟಾಪ್1 ಎಂಬ ಪ್ರೋಟೀನಿನ ಕಾಲುವೆಯಿದೆ. ಅದು ಪ್ರೋಟಾನುಗಳನ್ನು, ಎಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ನನ್ನು ಮಾತ್ರ ಒಳಗೆ ಬಿಡುತ್ತದೆ. ಇದು ಪ್ರೋಟಾನ್ ಕಾಲುವೆ ಎಂದು 2018ರಲ್ಲಿ ತೋರಿಸಿದ್ದು ಅಮೆರಿಕದ ಎಮಿಲಿ ಲಿಮನ್ ಅವರ ತಂಡ. ಹುಳಿಯ ಅರಿವಿಗೆ ಇದೇ ಬೇಕೆಂಬುದು ಮರುವರ್ಷ ಇಲಿಗಳಲ್ಲಿ ಖಚಿತವಾಯಿತು. ಪ್ರೋಟಾನು ಒಳಬಂದಾಗ ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಪಕ್ಕದ ನರಕ್ಕೆ ಸುದ್ದಿ ಹೋಗುತ್ತದೆ. ಇನ್ನು ನಮ್ಮ ಮೂರು ಹುಳಿಗಳ ಆಮ್ಲಗಳು. ಮುರುಗಲ ಬಳಗದ್ದೇ ಆದ ಉಪ್ಪಾಗೆಯ ಪ್ರಧಾನ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ಗುರುತಿಸಿದವರು ಲೂಯಿಸ್ ಮತ್ತು ನೀಲಕಂಠನ್. ಮುರುಗಲಲ್ಲೂ ಅದೇ ಆಮ್ಲವಿದೆ. ಮಾವಿನ ಮಿಡಿಯಲ್ಲಿ ಸಿಟ್ರಿಕ್ ಆಮ್ಲ, ಚಗಳಿಯಲ್ಲಿ ಫಾರ್ಮಿಕ್ ಆಮ್ಲ. ಆಮ್ಲದ ಹೆಸರು ಏನೇ ಇರಲಿ, ಓಟಾಪ್1ನ ಮುಂದೆ ಬರುವುದು ಅದು ಬಿಟ್ಟುಕೊಟ್ಟ ಪ್ರೋಟಾನು ಮಾತ್ರ, ಮತ್ತು ಯಾವ ಆಮ್ಲದಿಂದ ಬಂದೆನೆಂದು ಪ್ರೋಟಾನು ಹೇಳುವುದಿಲ್ಲ. ಹಾಗಾಗಿ ನಾಲಿಗೆ ಕೊಡುವ ಉತ್ತರ ಒಂದು ಅಳತೆಯಷ್ಟೇ: ಹುಳಿ ಇಷ್ಟಿದೆ.

ಉಳಿದ ರುಚಿಗಳಲ್ಲೂ ನಾಲಿಗೆ ಇಷ್ಟೇ ಮಿತಭಾಷಿ. ಉಪ್ಪಿಗೆ ಸೋಡಿಯಂ ಒಳಬಿಡುವ ಕಾಲುವೆ. ಸಿಹಿಗೆ ಎರಡು ಪ್ರೋಟೀನು ಸೇರಿದ ಒಂದು ಗ್ರಾಹಿ. ಅದರಲ್ಲಿ ಒಂದನ್ನು ಬದಲಿಸಿದರೆ ಬೇಳೆಕಟ್ಟು, ಅಣಬೆಗಳ ಉಮಾಮಿಯ ಗ್ರಾಹಿ. ಕಹಿಗೆ ಮಾತ್ರ ಸುಮಾರು 25 ಗ್ರಾಹಿಗಳಿವೆ, ಏಕೆಂದರೆ ಗಿಡಗಳ ವಿಷಗಳು ನಾನಾ ರೂಪದವು. ಆದರೂ ಒಂದೇ ಕೋಶದಲ್ಲಿ ಹಲವು ಕಹಿಗ್ರಾಹಿಗಳು ಒಟ್ಟಿಗೆ ಇರುವುದರಿಂದ ಹೊರಡುವ ಸುದ್ದಿ ಹೆಚ್ಚುಕಡಿಮೆ ‘ಕಹಿ’ ಎಂಬ ಒಂದೇ ಮಾತು. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ, ಅಂಚಿಗೆ ಹುಳಿ ಎಂದು ಬಹುಕಾಲ ಪಠ್ಯಪುಸ್ತಕಗಳಲ್ಲಿದ್ದ ನಕ್ಷೆಯನ್ನು ನೆನೆದು ಕೆಲವರು ಆಕ್ಷೇಪಿಸಬಹುದು: ಮೂರು ಹುಳಿ ನಾಲಿಗೆಯ ಮೂರು ಕಡೆ ತಾಗುತ್ತಿರಬಹುದಲ್ಲ? ಜರ್ಮನಿಯ ಹೇನಿಗ್ 1901ರಲ್ಲಿ ಕಂಡ ಅತಿ ಸಣ್ಣ ವ್ಯತ್ಯಾಸಗಳು ಮುಂದೆ ಹಿಗ್ಗಿ ಆ ನಕ್ಷೆಯಾದವು. ಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲ ರುಚಿಗಳಿಗೆ ಸ್ಪಂದಿಸುತ್ತವೆ. ಜಾಗದ ಲೆಕ್ಕದಿಂದ ಅಪ್ಪೆಗೂ ಮುರುಗಲಿಗೂ ಇರುವ ಭೇದ ಬಿಡಿಸಲಾಗದು.

ಬಿಡಿಸುವ ಸಾಮರ್ಥ್ಯ ಇರುವುದು ಮೂಗಿನಲ್ಲಿ. ಮೂಗಿನ ಮೇಲ್ಛಾವಣಿಯ ಸಣ್ಣ ಪಟ್ಟಿಯಲ್ಲಿ ಇರುವ ನರಕೋಶಗಳು ಸುಮಾರು 400 ಬಗೆಯ ಗ್ರಾಹಿಗಳನ್ನು ಹೊತ್ತಿವೆ. ಒಂದು ನರಕೋಶಕ್ಕೆ ಒಂದೇ ಬಗೆ. ಈ ಗ್ರಾಹಿಗಳ ಜೀನ್ ಬಳಗವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಗಂಧದ ಅಣು ಗ್ರಾಹಿಗೆ ತಗುಲಿದೊಡನೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ ಏರುತ್ತದೆ, ಅದು ಕಾಲುವೆಗಳನ್ನು ತೆರೆಯುತ್ತದೆ, ಕ್ಯಾಲ್ಸಿಯಂ ಒಳಬರುತ್ತದೆ, ಬಳಿಕ ಕ್ಲೋರೈಡ್ ಹೊರಹೋಗಿ ಸಂಕೇತ ಇನ್ನಷ್ಟು ಬಲವಾಗುತ್ತದೆ. ಮುಖ್ಯವಾದ ಮಾತು ಮುಂದಿನದು. ಒಂದು ಅಣು ಹಲವು ಗ್ರಾಹಿಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕೆರಳಿಸುತ್ತದೆ, ಒಂದು ಗ್ರಾಹಿ ಹಲವು ಅಣುಗಳಿಗೆ ಓಗೊಡುತ್ತದೆ. ಒಂದೇ ಗ್ರಾಹಿಯ ಕೋಶಗಳೆಲ್ಲ ತಮ್ಮ ಎಳೆಗಳನ್ನು ಮಿದುಳಿನ ಗಂಧಗಡ್ಡೆಯಲ್ಲಿ ಗೊತ್ತಾದ ಒಂದೆರಡು ಬಿಂದುಗಳಿಗೇ ಕಳುಹಿಸುವುದರಿಂದ ಅಲ್ಲಿ ಪ್ರತಿ ವಾಸನೆಗೂ ಒಂದು ವಿನ್ಯಾಸ ಮೂಡುತ್ತದೆ. ಮಾವಿನ ಸೊನೆಯಲ್ಲಿ ಮಿರ್ಸೀನ್, ಓಸಿಮೀನ್‌ನಂಥ ಹಾರುವ ಟರ್ಪೀನುಗಳಿವೆ. ಅವು ಯಾವುವು, ಎಷ್ಟೆಷ್ಟು ಎಂಬುದರ ಮೇಲೆ ಮರದಿಂದ ಮರಕ್ಕೆ ವಾಸನೆ ಬದಲು. ಜೀರಿಗೆ ಅಪ್ಪೆ ಜೀರಿಗೆಯಂತೆ ಘಮಘಮಿಸುವುದು ಹುಳಿ ಬೇರೆಯಾದ್ದರಿಂದಲ್ಲ, ಸೊನೆಯ ಈ ಬೆರಕೆ ಬೇರೆಯಾದ್ದರಿಂದ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಖಾರ ಹಾಕದೆ ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿಯ ಒಂದು ಹೋಳು, ನೆನೆಸಿದ ಮುರುಗಲ ಸಿಪ್ಪೆಗೆ ಅಷ್ಟೇ ಉಪ್ಪು ಬೆರೆಸಿದ ಒಂದು ಚೂರು. ಮೂಗನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಒಂದೊಂದನ್ನೇ ಅಗಿಯಬೇಕು. ಎರಡರಲ್ಲೂ ಸಿಗುವುದು ಹುಳಿ, ಉಪ್ಪು, ಸ್ವಲ್ಪ ಒಗರು, ಜೊತೆಗೆ ಹೋಳಿನ ಗರಿಗರಿ ಅಥವಾ ಮೆತ್ತಗಿನ ಅನುಭವ. ನುಂಗಿ ಮೂಗು ಬಿಟ್ಟು ಉಸಿರು ಹೊರಹಾಕಿದ ಕೂಡಲೇ ಅಪ್ಪೆ ತನ್ನ ಪೂರ್ಣ ರೂಪದಲ್ಲಿ ಬಾಯಲ್ಲಿ ಹರಡುತ್ತದೆ. ಅಗಿಯುವಾಗ ಬಿಡುಗಡೆಯಾದ ಆವಿ ಅಂಗುಳಿನ ಹಿಂದಿನಿಂದ ಮೇಲೇರಿ, ಹೊರಹೋಗುವ ಉಸಿರಿನೊಡನೆ ಮೂಗಿನ ಪಟ್ಟಿಗೆ ಮುಟ್ಟುವುದರಿಂದ ಹೀಗಾಗುತ್ತದೆ. ಮೂಗು ಹಿಡಿದಾಗ ಗಾಳಿ ಚಲಿಸದು, ಆವಿ ಏರದು. ಮುರುಗಲಲ್ಲಿ ಮೂಗು ಬಿಟ್ಟಾಗಿನ ಬದಲಾವಣೆ ಅಪ್ಪೆಯಷ್ಟು ದೊಡ್ಡದಲ್ಲ, ಏಕೆಂದರೆ ಅದರ ಪರಿಮಳ ಮೊದಲೇ ಮಂದ. ಈ ಅಂತರವೇ ನನ್ನ ವಾದಕ್ಕೆ ಬಲವಾದ ಸಾಕ್ಷಿ.

ಹಾಗಾದರೆ ಚಗಳಿ ಚಟ್ನಿ ಮೂಗು ಹಿಡಿದರೂ ಚುರುಕ್ ಎನ್ನುವುದೇಕೆ, ಮಿಡಿ ಉಪ್ಪಿನಕಾಯಿಯ ಖಾರ ಎಲ್ಲೂ ಹೋಗುವುದಿಲ್ಲವೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಾಯಿ, ಮೂಗು, ಕಣ್ಣುಗಳಿಂದ ಬಿಸಿ-ನೋವುಗಳನ್ನು ಒಯ್ಯುವ ತ್ರಿಶಾಖಿ ನರ ಅದನ್ನು ಅರಿಯುತ್ತದೆ. ಮೆಣಸಿನ ಕ್ಯಾಪ್ಸೇಸಿನ್ ತೆರೆಯುವ ಟಿಆರ್‌ಪಿವಿ1 ಕಾಲುವೆ 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆಯುವಂಥದ್ದು. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಉಪ್ಪಿನಕಾಯಿಯ ಸಾಸಿವೆ ತಟ್ಟುವುದು ಟಿಆರ್‌ಪಿಎ1 ಎಂಬ ಬೇರೆ ಕಾಲುವೆಗೆ. ಮೆಣಸಿನ ಉರಿ ಬಾಯಲ್ಲಿ ಉಳಿದರೆ ಸಾಸಿವೆಯ ಘಾಟು ಹಾರುವಂಥದ್ದಾದ್ದರಿಂದ ಮೂಗಿಗೂ ಹತ್ತುತ್ತದೆ. ಫಾರ್ಮಿಕ್ ಆಮ್ಲದ ವಿಶೇಷ ಏನೆಂದರೆ ಅದು ನಾಲಿಗೆಗೆ ಹುಳಿ, ಸುಲಭವಾಗಿ ಆವಿಯಾಗುವುದರಿಂದ ಮೂಗಿಗೆ ವಾಸನೆ, ತ್ರಿಶಾಖಿ ನರಕ್ಕೆ ಚುಚ್ಚು. ಚಗಳಿಯನ್ನು ಗುರುತಿಸಲು ಮೂರೂ ದಾರಿ ತೆರೆದಿವೆ. ಮುರುಗಲಿಗೆ ಮುಖ್ಯವಾಗಿ ನಾಲಿಗೆ, ಅಪ್ಪೆಗೆ ನಾಲಿಗೆ ಮತ್ತು ಮೂಗು, ಚಗಳಿಗೆ ನಾಲಿಗೆ, ಮೂಗು, ನೋವಿನ ನರ: ಮೂರು ಹುಳಿಯ ಭೇದ ಇಷ್ಟರಲ್ಲಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಘಮ ಮೂಗಿನದಾದರೆ ಅದು ಮೂಗಿನಲ್ಲೇ ಅನುಭವಕ್ಕೆ ಬರಬೇಕಿತ್ತು, ಬಾಯಲ್ಲಿದೆ ಅನ್ನಿಸುವುದೇಕೆ? ಇಲ್ಲಿ ಮಿದುಳಿನ ಜೋಡಣೆಯನ್ನು ನೋಡಬೇಕು. ರುಚಿಯ ನರಗಳು ಮಿದುಳ ಕಾಂಡದಲ್ಲಿ ತಂಗಿ, ಥಲಾಮಸ್ ದಾಟಿ, ಇನ್ಸುಲಾ ಎಂಬ ಒಳಮಡಿಕೆಗೆ ಹೋಗುತ್ತವೆ. ಗಂಧ ಮಾತ್ರ ಥಲಾಮಸ್‌ಗೆ ಕಾಯದೆ ತನ್ನ ಪ್ರಾಥಮಿಕ ತೊಗಟೆಗೆ ಹೋಗುತ್ತದೆ. ಎರಡೂ ಕಣ್ಣುಗೂಡಿನ ಮೇಲಿನ ಮುಂಭಾಗದ ತೊಗಟೆಯಲ್ಲಿ ಸಂಧಿಸುತ್ತವೆ. ಅಲ್ಲಿ ರುಚಿಗೂ ವಾಸನೆಗೂ ಸ್ಪಂದಿಸುವ ನರಕೋಶಗಳಿವೆ. ಜೊತೆಗೆ ನಾಲಿಗೆಯ ಮೇಲೆ ಆಹಾರದ ಸ್ಪರ್ಶ, ದವಡೆಯ ಚಲನೆ. ಒಂದೇ ಹೊತ್ತಿಗೆ ಬಂದ ಈ ಸುದ್ದಿಗಳಿಗೆ ಒಂದೇ ಮೂಲವೆಂದು ಮಿದುಳು ಎಣಿಸುತ್ತದೆ, ಆ ಮೂಲ ಸ್ಪರ್ಶ ಆಗುತ್ತಿರುವ ಬಾಯಿ. ಪಾಲ್ ರೋಜಿನ್ 1982ರಲ್ಲಿ ತೋರಿಸಿದಂತೆ, ಮೂಗಿನ ಮುಂದೆ ಹಿಡಿದು ಕಲಿಸಿದ ವಾಸನೆಗಳನ್ನೇ ಬಾಯಿಯ ಮೂಲಕ ಕೊಟ್ಟರೆ ಜನ ಗುರುತಿಸಲು ಎಡವುತ್ತಾರೆ. ಬೆರಕೆ ಬರೀ ಕೂಡಿಸುವಿಕೆಯೂ ಅಲ್ಲ. 2000ದಲ್ಲಿ ಪಮೆಲಾ ಡಾಲ್ಟನ್ ಮತ್ತು ಸಂಗಡಿಗರು, ಬೇರೆಬೇರೆಯಾಗಿ ಅರಿವಿಗೇ ಬಾರದಷ್ಟು ತೆಳುವಾದ ಸ್ಯಾಕರಿನ್‌ನ ಸಿಹಿ ಮತ್ತು ಬಾದಾಮಿ ವಾಸನೆ ಒಟ್ಟಿಗೆ ಇದ್ದಾಗ ಅರಿವಿಗೆ ಬರುತ್ತವೆ ಎಂದು ಕಂಡರು. ಸಿಹಿಯ ಬದಲು ಉಮಾಮಿ ಇಟ್ಟಾಗ ಹಾಗಾಗಲಿಲ್ಲ. ಹಿಂದೆ ಜೊತೆಯಾಗಿ ಉಂಡು ರೂಢಿಯಾದ ಜೋಡಿಗಳನ್ನೇ ಮಿದುಳು ಸುಲಭವಾಗಿ ಬೆಸೆಯುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಅಪ್ಪೆಯ ಘಮ ಕೇಳಿದರೇ ಹುಳಿ ನೆನಪಾಗಿ ಬಾಯಿ ನೀರೂರುವವರಿಗೆ ಆ ಬೆಸುಗೆ ಎಳವೆಯಿಂದ ಆಗಿದೆ.

ಈ ವಾದಕ್ಕೆ ಒಂದು ಮಿತಿಯನ್ನು ಒಪ್ಪಲೇಬೇಕು. ಹುಳಿಯ ಅಳತೆ ಒಂದೇ ಎಂದ ಮಾತ್ರಕ್ಕೆ ಎಲ್ಲ ಆಮ್ಲಗಳೂ ನಾಲಿಗೆಗೆ ಪೂರ್ತಿ ಸಮವಲ್ಲ. ಪಿಎಚ್ ಒಂದೇ ಇದ್ದರೂ ವಿನಿಗರ್ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಹೆಚ್ಚು ಹುಳಿ. ಒಡೆಯದ ಆಮ್ಲದ ಅಣುಗಳು ಕೋಶದ ಪೊರೆ ದಾಟಿ ಒಳಗೆ ಪ್ರೋಟಾನು ಬಿಡುವುದೇ ಕಾರಣ. ಹುಳಿ ಏರುವ, ಇಳಿಯುವ ವೇಗವೂ ಬದಲಾಗಬಹುದು, ಪಳಗಿದವರು ಅದನ್ನು ಹಿಡಿಯಬಹುದು. ಆದರೆ ಇದೆಲ್ಲ ಹೆಚ್ಚು-ಕಡಿಮೆಯ, ಬೇಗ-ತಡದ ಭೇದ. ಜೀರಿಗೆಯ ಘಮ ಇದರಿಂದ ಹುಟ್ಟದು.

ಈ ವಿಂಗಡಣೆಯಿಂದ ಎರಡು ಪ್ರಯೋಜನವಿದೆ. ಒಂದು, ನೆಗಡಿಯಲ್ಲೋ ಕೋವಿಡ್ ನಂತರವೋ ‘ರುಚಿ ಹೋಗಿದೆ’ ಎನ್ನುವವರು ಉಪ್ಪು, ಬೆಲ್ಲ, ಹುಣಸೆರಸವನ್ನು ಬೇರೆಬೇರೆಯಾಗಿ ನಾಲಿಗೆಗೆ ಇಟ್ಟು ನೋಡಬೇಕು. ಅವು ಸ್ಪಷ್ಟವಾಗಿ ತಿಳಿದು, ಕಾಫಿ ಮತ್ತು ಒಗ್ಗರಣೆ ಮಾತ್ರ ಸಪ್ಪೆಯಾದರೆ ತೊಂದರೆ ಮೂಗಿನದು. ಅವೂ ತಿಳಿಯದಿದ್ದರೆ ನಾಲಿಗೆಯ ಹಾದಿಯಲ್ಲೂ ದೋಷವಿದೆ. ಕೋವಿಡ್‌ನಲ್ಲಿ ಎರಡೂ ಬಗೆ ಕಂಡಿದೆ. ವೈದ್ಯರಿಗೆ ಹೀಗೆ ಬಿಡಿಸಿ ಹೇಳಿದರೆ ತಪಾಸಣೆ ಸರಿದಾರಿ ಹಿಡಿಯುತ್ತದೆ. ಎರಡು, ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು ಸೊನೆ ಸೋರದಂತೆ ಕಾಯುವ ಮಲೆನಾಡಿನ ಪದ್ಧತಿಗೆ ಇಲ್ಲಿ ಸಮರ್ಥನೆಯಿದೆ. ಸೊನೆ ಕಳೆದುಕೊಂಡ ಮಿಡಿಯಲ್ಲಿ ಹುಳಿ ಹಾಗೇ ಉಳಿದಿರುತ್ತದೆ, ಓಟಾಪ್1 ಎಂದಿನಂತೆ ವರದಿ ಮಾಡುತ್ತದೆ. ಆದರೆ ಅದನ್ನು ಉಂಡವರು ‘ಇದು ಅಪ್ಪೆಯಲ್ಲ’ ಎನ್ನುತ್ತಾರೆ, ಮತ್ತು ಅವರ ಮಾತು ಸರಿಯಾಗಿರುತ್ತದೆ.