ವಿಪಿಎನ್ ಹಾಕಿಕೊಂಡರೆ ಯಾರಿಂದ ಮರೆ?

ನೀವು ಆ್ಯಪ್ ಸ್ಟೋರ್‌ನಲ್ಲಿ ಕಂಡ ವಿಪಿಎನ್, ಫೋನಿನಿಂದ ಹೊರಡುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಮೊದಲು ತನ್ನ ಸರ್ವರ್‌ಗೆ ಒಯ್ಯುತ್ತದೆ. ಅಲ್ಲಿಂದ ಅದು ಜಾಲತಾಣಕ್ಕೆ ಹೋಗುತ್ತದೆ. ಹಾಗಾಗಿ ನೀವು ಯಾವ ತಾಣ ನೋಡಿದಿರೆಂದು ರೈಲು ನಿಲ್ದಾಣದ ವೈಫೈಗೂ ಸಿಮ್ ಕಂಪನಿಗೂ ತಿಳಿಯದು. ಆದರೆ ಅವರಿಗೆ ಕಾಣದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಇದು ಬರೀ ಶಂಕೆಯಲ್ಲ: ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಎಂಬ ಉಚಿತ ವಿಪಿಎನ್, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆಂದು ಆ ಸಂಸ್ಥೆಗೇ ತಿಳಿಸುತ್ತಿತ್ತು. ಆ್ಯಪಲ್ ಆಕ್ಷೇಪಿಸಿದ್ದರಿಂದ 2018ರಲ್ಲಿ ಅದನ್ನು ಆ್ಯಪ್ ಸ್ಟೋರ್‌ನಿಂದ ತೆಗೆಯಬೇಕಾಯಿತು.

ವಿಪಿಎನ್ ಇಲ್ಲದಿದ್ದರೆ ಬ್ಯಾಂಕಿನ ಪಾಸ್‌ವರ್ಡ್ ಕಾಯುವುದು ಯಾರು ಎಂದು ನೀವು ಕೇಳಬಹುದು. ವಿಳಾಸ https:// ಎಂದು ಶುರುವಾದರೆ ಆ ಪುಟದ ಮಾಹಿತಿ ಹೇಗೂ ಗೂಢಲಿಪಿಯಲ್ಲೇ ಸಾಗುತ್ತದೆ. ನಕಲಿ ಪುಟಕ್ಕೆ ನೀವೇ ಒಟಿಪಿ ಕೊಟ್ಟರೆ ವಿಪಿಎನ್ ಕೂಡ ತಡೆಯಲಾರದು. ಉಚಿತವೆಂದು ಇಳಿಸಿಕೊಳ್ಳುವ ಮೊದಲು, ಆ ಕಂಪನಿಗೆ ಹಣ ಎಲ್ಲಿಂದ ಬರುತ್ತದೆಂದು ನೋಡಿ.