ಟೆಂಡರ್ ಕಾಗದ ಕಂಡರೆ ಕೈ ನಡುಗುತ್ತದೆ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಸಣ್ಣ ಗುತ್ತಿಗೆದಾರ. ಸಿ.ಸಿ. ರಸ್ತೆ, ಚರಂಡಿ, ಮೋರಿ ಕೆಲಸ ಮಾಡುತ್ತೇನೆ. ಹೋದ ವರ್ಷ ಒಂದು ಟೆಂಡರ್ ಹಾಕಿದ್ದೆ, ತಾಂತ್ರಿಕ ಬಿಡ್‌ನಲ್ಲೇ ತಿರಸ್ಕರಿಸಿದರು. ಲೆಕ್ಕಪರಿಶೋಧಕರ ಪ್ರಮಾಣಪತ್ರ ಸರಿಯಿಲ್ಲ ಎಂದು ಬರೆದಿದ್ದರು. ಊರಲ್ಲಿ ತಲೆ ಎತ್ತಿ ನಡೆಯಲಾಗಲಿಲ್ಲ. ಈಗ 40 ಲಕ್ಷದ ರಸ್ತೆ, ಚರಂಡಿ ಕೆಲಸ ಕರೆದಿದ್ದಾರೆ. ಅವಧಿ ಆರು ತಿಂಗಳು, ಕಡೆಯ ದಿನ ಬರುವ 18, ಸಂಜೆ 4 ಗಂಟೆ. 60 ಸಾವಿರ ಇ.ಎಂ.ಡಿ. ಕಟ್ಟಬೇಕು. ಹೆಂಡತಿ ತನ್ನ ಸರ ಅಡ ಇಡೋಣ ಅನ್ನುತ್ತಾಳೆ. ನೋಟಿಸು ಕೈಗೆತ್ತಿಕೊಂಡರೆ ಎದೆ ಢವಢವ ಅನ್ನುತ್ತದೆ, ರಾತ್ರಿ ನಿದ್ದೆಯಿಲ್ಲ. ಐದು ವರ್ಷದ ವಹಿವಾಟಿನ ಸರಾಸರಿ 40 ಲಕ್ಷ ಮುಟ್ಟುವುದಿಲ್ಲ. ಗೆಳೆಯನೊಬ್ಬ ಅನುಭವ ಪ್ರಮಾಣಪತ್ರ ‘ಮಾಡಿಸಿಕೊಡುತ್ತೇನೆ’ ಅನ್ನುತ್ತಾನೆ. ಇದು ನಮ್ಮಂಥವರಿಗಲ್ಲ ಎಂದು ಬಿಟ್ಟುಬಿಡಲೇ?

ಉತ್ತರ: ದಿನ ಹತ್ತಿರವಿದ್ದುದರಿಂದ ಈ ಉತ್ತರವನ್ನು ನಿಮಗೆ ಮೊದಲೇ ಅಂಚೆಯಲ್ಲಿ ಕಳಿಸಿದ್ದೇನೆ. ನಿಮ್ಮ ಸ್ಥಿತಿಯಲ್ಲೇ ಇರುವ ಇನ್ನೂ ಅನೇಕರು ಓದಲಿ ಎಂದು ಇಲ್ಲೂ ಪ್ರಕಟಿಸುತ್ತಿದ್ದೇವೆ.

ಒಮ್ಮೆ ತಿರಸ್ಕಾರವಾದ ಮೇಲೆ ಅಂಥದೇ ಕಾಗದ ಮತ್ತೆ ಎದುರಿಗೆ ಬಂದಾಗ ಎದೆ ಹೊಡೆದುಕೊಳ್ಳುವುದು ಸಹಜ. ಮನೆಯ ಚಿನ್ನದ ಮಾತು ಅದರೊಳಗೆ ಸೇರಿದಾಗ ಭಯ ಇಮ್ಮಡಿಯಾಗುತ್ತದೆ. ನಿಮ್ಮ ಹೆದರಿಕೆಯಲ್ಲಿ ಸಣ್ಣತನವೇನೂ ಇಲ್ಲ. ಆದರೆ ಹೋದ ವರ್ಷ ಆದದ್ದೇನು ಎಂದು ಒಮ್ಮೆ ಬಿಡಿಸಿ ನೋಡೋಣ. ನೀವು ಕಳಿಸಿದ ತಿರಸ್ಕಾರದ ಪತ್ರದಲ್ಲಿ ವಹಿವಾಟಿನ ಪ್ರಮಾಣಪತ್ರದಲ್ಲಿ ಯುಡಿಐಎನ್ ಇಲ್ಲ ಎಂದಿದೆ. ಅದು ಲೆಕ್ಕಪರಿಶೋಧಕರು ತಮ್ಮ ಸಂಸ್ಥೆಯ ಜಾಲತಾಣದಲ್ಲಿ ಪಡೆದು ನಮೂದಿಸಬೇಕಾದ 18 ಅಂಕಿಯ ಸಂಖ್ಯೆ. ಪತ್ರ ಅಸಲಿಯೋ ನಕಲಿಯೋ ಎಂದು ಯಾರು ಬೇಕಾದರೂ ಅದರಿಂದ ಪರೀಕ್ಷಿಸಬಹುದು. 2019ರ ಫೆಬ್ರವರಿಯಿಂದ ಅವರು ಕೊಡುವ ಪ್ರಮಾಣಪತ್ರಗಳಿಗೆ ಅದು ಕಡ್ಡಾಯ. ನಿಮ್ಮ ಪತ್ರದಲ್ಲಿ ಅದು ಬಿಟ್ಟುಹೋಗಿತ್ತು, ಅಷ್ಟೆ. ತಿರಸ್ಕಾರವಾದದ್ದು ಒಂದು ಹಾಳೆ. ನೀವು ಹಾಕಿದ ಕಾಂಕ್ರೀಟನ್ನು ಯಾರೂ ತಿರಸ್ಕರಿಸಲಿಲ್ಲ.

ಈಗ ಈ ಟೆಂಡರಿಗೆ ಬರೋಣ. ನೀವು ಹೆದರುತ್ತಿರುವುದು ಪತ್ರಿಕೆಯಲ್ಲಿ ಬಂದ ನೋಟಿಸನ್ನು ಓದಿ. ಅದರಲ್ಲಿ ಕೆಲಸದ ಹೆಸರು, ಅಂದಾಜು ಮೊತ್ತ, ಇ.ಎಂ.ಡಿ., ತಾರೀಖುಗಳು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅರ್ಹತೆಯ ನಿಜವಾದ ಮಾತು ಇರುವುದು ಕೆಪಿಪಿಪಿ ಪೋರ್ಟಲಿನಲ್ಲಿ ಸಿಗುವ ಟೆಂಡರ್ ದಸ್ತಾವೇಜಿನಲ್ಲಿ. ನೀವು ಲಕೋಟೆಯಲ್ಲಿ ಇಟ್ಟು ಕಳಿಸಿದ ಅದರ ಪುಟಗಳನ್ನು ಕೂತು ಓದಿದೆ. ನೀವು ಹೆದರಿದ ಷರತ್ತಿನಲ್ಲಿ ತೊಂದರೆ ಇಲ್ಲ. ಗಮನ ಬೇಕಾದದ್ದು ಬೇರೆ ಎರಡು ಕಡೆ.

ಮೊದಲು ವಹಿವಾಟು. ಅಲ್ಲಿ ಬರೆದಿರುವುದು ‘ಕಳೆದ ಐದು ಆರ್ಥಿಕ ವರ್ಷಗಳ ಪೈಕಿ ಯಾವುದಾದರೂ ಎರಡು ವರ್ಷಗಳಲ್ಲಿ ತಲಾ 40 ಲಕ್ಷಕ್ಕೆ ಕಡಿಮೆ ಇಲ್ಲದಂತೆ’ ಎಂದು. ಸರಾಸರಿ ಎಂಬ ಮಾತೇ ಇಲ್ಲ. ನಿಮ್ಮ ಐದು ವರ್ಷ 28, 46, 33, 52, 38 ಲಕ್ಷ. ಸರಾಸರಿ 39.4 ಬರುತ್ತದೆ ನಿಜ, ಅದನ್ನು ಕೇಳಿದವರು ಯಾರೂ ಇಲ್ಲ. 46 ಮತ್ತು 52, ಎರಡು ವರ್ಷ ಸಿಕ್ಕಿತು. ಈ ಷರತ್ತು ದಾಟಿದಿರಿ. ಬೇರೆ ಟೆಂಡರಿನಲ್ಲಿ ಸರಾಸರಿಯನ್ನೇ ಕೇಳಬಹುದು, ಆದ್ದರಿಂದ ಪ್ರತಿ ಸಲವೂ ಆ ಸಾಲನ್ನು ಬೆರಳಿಟ್ಟು ಓದಿ.

ಎರಡನೆಯದು ಇಂಥದೇ ಕೆಲಸದ ಅನುಭವ. ಕನಿಷ್ಠ 20 ಲಕ್ಷದ ಒಂದು ರಸ್ತೆ ಕೆಲಸವನ್ನು ಮುಖ್ಯ ಗುತ್ತಿಗೆದಾರರಾಗಿ ಮುಗಿಸಿರಬೇಕು ಎಂದಿದೆ. ನೀವು ಹೆಮ್ಮೆಯಿಂದ ಬರೆದ 24 ಲಕ್ಷದ ರಸ್ತೆ ಇನ್ನೊಬ್ಬರ ಹೆಸರಿನ ಕೆಲಸ, ನೀವು ಅವರ ಕೈಕೆಳಗೆ ಉಪಗುತ್ತಿಗೆ ಮಾಡಿದ್ದು. ಬೆವರು ನಿಮ್ಮದೇ ಆದರೂ ಈ ಷರತ್ತಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಬೇಸರವಾಗುತ್ತದೆ, ಗೊತ್ತು. ಆದರೆ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ನೀವು ಬರೆದು ಮುಂದೆ ಹೋದ 21 ಲಕ್ಷದ ಕೆಲಸವಿದೆಯಲ್ಲ, ಅದು ನಿಮ್ಮದೇ ಹೆಸರಿನಲ್ಲಿ ಪಂಚಾಯತ್ ರಾಜ್ ವಿಭಾಗಕ್ಕೆ ಮಾಡಿದ್ದು. ಅದೇ ಸಾಕು.

ತೊಡಕು ಏನೆಂದರೆ ನಿಮ್ಮ ಬಳಿ ಇರುವುದು ಕಾರ್ಯಾದೇಶ ಮತ್ತು ಕೊನೆಯ ಬಿಲ್ಲಿನ ನಕಲು. ದಸ್ತಾವೇಜು ಕೇಳಿರುವುದು ಕಾರ್ಯಪಾಲಕ ಇಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಹಿ ಮಾಡಿದ ಕೆಲಸ ಪೂರ್ಣಗೊಂಡ ಪ್ರಮಾಣಪತ್ರ. ಹಾಗಾಗಿ ನಾಳೆ ಬೆಳಿಗ್ಗೆಯೇ ಆ ವಿಭಾಗದ ಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆಲಸದ ಹೆಸರು, ಒಪ್ಪಂದದ ಮೊತ್ತ, ಮುಗಿದ ಮೊತ್ತ, ಶುರುವಾದ ಮತ್ತು ಮುಗಿದ ತಾರೀಖು, ಕೆಲಸ ತೃಪ್ತಿಕರ ಎಂಬ ಮಾತು, ಈ ಐದೂ ಪತ್ರದಲ್ಲಿ ಬರುವಂತೆ ವಿನಯದಿಂದ ಕೇಳಿಕೊಳ್ಳಿ. ಅಧಿಕಾರಿ ಪ್ರವಾಸದಲ್ಲಿರಬಹುದು, ಕಡತ ಹುಡುಕಬೇಕಾಗಬಹುದು. ನಿಮ್ಮ ಎಲ್ಲ ಕಾಗದಗಳಲ್ಲಿ ಹೆಚ್ಚು ದಿನ ಹಿಡಿಯುವುದು ಇದೇ.

ಇದೇ ಜಾಗದಲ್ಲಿ ನಿಮ್ಮ ಗೆಳೆಯರ ಮಾತು ಬಂದಿತು ಎಂದು ಕಾಣುತ್ತದೆ. ಅವರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿರಬಹುದು. ಆದರೂ ಬೇಡ. ಕೊಟ್ಟ ಕಚೇರಿಗೆ ಒಂದು ಪತ್ರ ಬರೆದರೆ ಪ್ರಮಾಣಪತ್ರದ ನಿಜ ಹೊರಬೀಳುತ್ತದೆ. ಸುಳ್ಳು ಎಂದು ಕಂಡರೆ ಬಿಡ್ ಹೋಗುವುದರ ಜೊತೆಗೆ ಇ.ಎಂ.ಡಿ. ಮುಟ್ಟುಗೋಲಾಗಬಹುದು, ಹೆಸರು ಕಪ್ಪುಪಟ್ಟಿಗೆ ಸೇರಬಹುದು, ಕ್ರಿಮಿನಲ್ ಪ್ರಕರಣವೂ ಆಗಬಹುದು. ನಿಮ್ಮ ಹತ್ತಿರ ಅಸಲಿ ಕೆಲಸವೇ ಇರುವಾಗ ಆ ದಾರಿಯ ಅಗತ್ಯವಾದರೂ ಏನು?

ಮೂರನೆಯದನ್ನು ನಿಮ್ಮ ಪತ್ರದಲ್ಲಿ ಎತ್ತಿಯೇ ಇಲ್ಲ. ಸಣ್ಣ ಗುತ್ತಿಗೆದಾರರು ಹೆಚ್ಚಾಗಿ ಗಮನಿಸದೆ ಬಿಡುವುದು ಇದನ್ನೇ: ಟೆಂಡರ್ ಸಾಮರ್ಥ್ಯ. ಕೈಯಲ್ಲಿರುವ ಕೆಲಸಗಳ ಜೊತೆಗೆ ಇದನ್ನೂ ಹೊರಬಲ್ಲಿರಾ ಎಂದು ಅಳೆಯುವ ಲೆಕ್ಕ ಇದು. ದಸ್ತಾವೇಜಿನಲ್ಲಿ A × N × 1.5 – B ಎಂದು ಬರೆದಿರುತ್ತದೆ. A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. N ಎಂದರೆ ಈ ಕೆಲಸಕ್ಕೆ ಕೊಟ್ಟ ಅವಧಿ, ವರ್ಷಗಳಲ್ಲಿ. B ಎಂದರೆ ಆ ಅವಧಿಯಲ್ಲಿ ನೀವು ಮುಗಿಸಿಕೊಡಬೇಕಾದ ಈಗಿನ ಕೆಲಸಗಳ ಬಾಕಿ ಮೊತ್ತ. ಬರುವ ಉತ್ತರ 40 ಲಕ್ಷಕ್ಕೆ ಕಡಿಮೆ ಇರಬಾರದು.

ನಿಮ್ಮದನ್ನು ಹಾಕಿ ನೋಡಿದೆ. A 52 ಲಕ್ಷ, N ಆರು ತಿಂಗಳಿಗೆ 0.5. ಗುಣಿಸಿದರೆ 39 ಲಕ್ಷ. ನಡೆಯುತ್ತಿರುವ ಮೋರಿ ಕೆಲಸದ ಬಾಕಿ 6 ಲಕ್ಷ ಕಳೆದರೆ ಉಳಿಯುವುದು 33. ಸಾಲದು. ಇಲ್ಲಿಗೇ ನಿಲ್ಲಿಸಿದ್ದರೆ ನಿಮಗೆ ‘ಬಿಟ್ಟುಬಿಡಿ’ ಎಂದೇ ಬರೆಯುತ್ತಿದ್ದೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ, ಹಳೆಯ ವರ್ಷಗಳ ಮೊತ್ತವನ್ನು ವರ್ಷಕ್ಕೆ ಶೇ. 10ರಂತೆ ಏರಿಸಿ ಇಂದಿನ ಬೆಲೆಗೆ ತರಬೇಕು ಎಂಬ ಟಿಪ್ಪಣಿ ಇದೆ. ಅಲ್ಲಿಯ ಪಟ್ಟಿಯಂತೆ ನಿಮ್ಮ 52 ಲಕ್ಷದ ವರ್ಷಕ್ಕೆ 1.20ರಿಂದ ಗುಣಿಸಬೇಕು. ಆಗ A 62.4 ಲಕ್ಷವಾಗುತ್ತದೆ, ಅದರಿಂದ 46.8, ಬಾಕಿ 6 ಕಳೆದು 40.8 ಲಕ್ಷ. ಕೂದಲೆಳೆಯಷ್ಟು ಅಂತರದಲ್ಲಿ ಅರ್ಹರಾಗುತ್ತೀರಿ.

ಅಂತರ ಇಷ್ಟು ಕಡಿಮೆ ಇರುವುದರಿಂದ ಒಂದು ಮಾತು. ಬಾಯಿಮಾತಿನಲ್ಲಿ ಒಪ್ಪಿಕೊಂಡ, ಅಥವಾ ಚಿಕ್ಕದೆಂದು ಮರೆತ ಇನ್ನೊಂದು ಸರ್ಕಾರಿ ಕೆಲಸವೇನಾದರೂ ಇದ್ದು, ಅದರ ಬಾಕಿ ಒಂದು ಲಕ್ಷವಿದ್ದರೂ ಈ ಲೆಕ್ಕ ಮುರಿಯುತ್ತದೆ. ಅದನ್ನು ಬಚ್ಚಿಡುವ ಆಸೆ ಬರಬಹುದು. ನಡೆಯುತ್ತಿರುವ ಕೆಲಸಗಳ ಘೋಷಣೆಗೆ ಸಹಿ ಮಾಡುವವರು ನೀವು, ಹಾಗಾಗಿ ಪೂರ್ತಿ ಬರೆಯಿರಿ. N ವಿಷಯದಲ್ಲಿ ಅಥವಾ ಟಿಪ್ಪಣಿಯಲ್ಲಿ ಕಿಂಚಿತ್ತೂ ಅನುಮಾನವಿದ್ದರೆ ಟೆಂಡರ್ ಕರೆದ ಅಧಿಕಾರಿಗೆ ಸ್ಪಷ್ಟೀಕರಣ ಕೇಳಿ ಬರೆಯುವ ಹಕ್ಕು ನಿಮಗಿದೆ. ಅದಕ್ಕೂ ಒಂದು ಕಡೆಯ ದಿನವಿರುತ್ತದೆ, ಅದು 18ಕ್ಕಿಂತ ಮೊದಲೇ ಬರುತ್ತದೆ.

ದಿನಗಳ ಮಾತಿಗೆ ಬಂದರೆ, 18ನ್ನು ಮನಸ್ಸಿನಿಂದ ಅಳಿಸಿ 16 ಎಂದು ಬರೆದುಕೊಳ್ಳಿ. ನಾಲ್ಕು ಗಂಟೆ ಎಂದರೆ ಪೋರ್ಟಲಿನ ಗಡಿಯಾರದ ನಾಲ್ಕು, ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಇ.ಎಂ.ಡಿ.ಯನ್ನು ಬ್ಯಾಂಕಿನಿಂದ ನೆಫ್ಟ್ ಮೂಲಕ ಕಳಿಸಿದರೆ ಅದು ಪೋರ್ಟಲಿನ ಖಾತೆಗೆ ಜಮಾ ಆಗಿ ನಿಮ್ಮ ಹೆಸರಿನ ಎದುರು ಕಾಣಿಸಬೇಕು. ಕೊನೆಯ ದಿನ ಕಟ್ಟಿ ರಸೀದಿ ಹಿಡಿದು ಕೂತರೆ ಪ್ರಯೋಜನವಿಲ್ಲ. ನಿಮ್ಮ ಡಿಜಿಟಲ್ ಸಹಿಯ ಅವಧಿ ಎಂದಿಗೆ ಮುಗಿಯುತ್ತದೆ ಎಂದು ಇವತ್ತೇ ನೋಡಿಸಿ. ಅಪ್‌ಲೋಡ್ ಮಾಡುವ ಕಂಪ್ಯೂಟರ್ ಸೆಂಟರಿನ ಹುಡುಗನ ಬಳಿಯೇ ಆ ಟೋಕನ್ನನ್ನೂ ಪಾಸ್‌ವರ್ಡನ್ನೂ ಬಿಟ್ಟಿದ್ದರೆ ವಾಪಸ್ ತಂದುಕೊಳ್ಳಿ. ಅವನು ಒಳ್ಳೆಯವನೇ ಇರಬಹುದು, ಆದರೆ ಅದು ನಿಮ್ಮ ಸಹಿ. ಅವನ ಪಕ್ಕದಲ್ಲಿ ಕೂತು, ಒಂದೊಂದೇ ಕಡತ ತೆರೆಸಿ ನೋಡಿ ಒಪ್ಪಿ. ತಿದ್ದುಪಡಿ ಪ್ರಕಟಣೆ ಏನಾದರೂ ಬಂದಿದೆಯೇ ಎಂದು 15ರ ಸುಮಾರಿಗೆ ಮತ್ತೊಮ್ಮೆ ಪೋರ್ಟಲ್ ನೋಡಿಸಿ. ತಾರೀಖು, ಷರತ್ತು ಎರಡೂ ಅದರಿಂದ ಬದಲಾಗಬಹುದು.

ಉಳಿದದ್ದು ಸರದ ಮಾತು. ಬಿಡ್‌ನ ಮಾನ್ಯತೆಯ ಅವಧಿ 90 ದಿನ ಎಂದಿದೆ. ಕೆಲಸ ಸಿಗದಿದ್ದರೆ ಇ.ಎಂ.ಡಿ. ವಾಪಸ್ ಬರುತ್ತದೆ, ಆದರೆ ಮೂರು ತಿಂಗಳು ಅದು ಕೈಯಲ್ಲಿ ಇರುವುದಿಲ್ಲ ಎಂದೇ ಲೆಕ್ಕ ಹಾಕಿ. ನೂರಕ್ಕೆ ಎರಡು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 1,200, ಮೂರು ತಿಂಗಳಿಗೆ 3,600. ನಿಮ್ಮ ಮನೆಯವರ ಜೊತೆ ಈ ಅಂಕಿ ಇಟ್ಟುಕೊಂಡು ಮಾತಾಡಿ. ಅವರು ಕೊಡಲು ಸಿದ್ಧರಿದ್ದಾರೆ ಎಂಬುದು ನಿಮ್ಮ ಮೇಲಿನ ನಂಬಿಕೆ. ಆ ನಂಬಿಕೆಗೆ ಪೂರ್ತಿ ಲೆಕ್ಕ ತೋರಿಸುವುದೇ ಮರ್ಯಾದೆ.

ಈ ಸಲ ಲೆಕ್ಕಪರಿಶೋಧಕರ ಎದುರು ಕೂತು ಯುಡಿಐಎನ್ ಬರೆದಿದ್ದನ್ನು ಕಣ್ಣಾರೆ ನೋಡಿ ಬನ್ನಿ. ಎಲ್ಲ ಸರಿಯಿದ್ದೂ ಅನ್ಯಾಯವಾಗಿ ತಿರಸ್ಕರಿಸಿದರು ಎನಿಸಿದರೆ, 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 16ನೇ ಪ್ರಕರಣದಡಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲೆಯ ಗುತ್ತಿಗೆದಾರರ ಸಂಘದಲ್ಲಿ ಅದನ್ನು ಮಾಡಿದವರು ಸಿಗುತ್ತಾರೆ, ಕೇಳಲು ನಾಚಬೇಡಿ. ನಿದ್ದೆ ಇನ್ನೂ ಹೀಗೇ ಕೆಟ್ಟರೆ, ಊಟ ಸೇರದಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ, ಯಾವ ಹೊತ್ತಿನಲ್ಲಾದರೂ ಸಿಗುತ್ತಾರೆ.

ಕೊನೆಗೆ ನೀವು ಕೇಳಿದ ಪ್ರಶ್ನೆ, ಬಿಡಲೇ ಎಂದು. ಕೆಲಸ ಪೂರ್ಣಗೊಂಡ ಪ್ರಮಾಣಪತ್ರ 14ರೊಳಗೆ ಕೈಗೆ ಬಂದರೆ ಇ.ಎಂ.ಡಿ. ಕಟ್ಟಿ ಟೆಂಡರ್ ಹಾಕಿ. ಬರದಿದ್ದರೆ ಈ ಟೆಂಡರನ್ನು ಬಿಡಿ, ಸರ ಅಡ ಇಡಬೇಡಿ. ಪತ್ರ ತಡವಾಗಿ ಬಂದರೂ ಪಡೆದು ಇಟ್ಟುಕೊಳ್ಳಿ, ಮುಂದಿನ ಟೆಂಡರಿಗೆ ಅದೇ ಬೇಕು.